ಫೋಟೊ ಕಳೆದುಹೋದಾಗ ಹಸುವಿನ ಕೆಚ್ಚಲ ತೊಂದರೆಯನ್ನು ಡಾಕ್ಟರಿಗೆ ಫೋನಿನಲ್ಲಿ ಹೇಳುವುದು ಹೇಗೆ

ಸಂಜೆ ಹಾಲು ಕರೆಯಲು ಕೂತಾಗ ಕೆಚ್ಚಲಿನ ಒಂದು ಭಾಗ ಊದಿದ್ದು ಕಂಡು ಫೋಟೊ ತೆಗೆದಿರುತ್ತೀರಿ. ಬೆಳಿಗ್ಗೆ ಡಾಕ್ಟರು ಫೋನ್ ಎತ್ತಿ "ಫೋಟೊ ಕಳಿಸಿ ನೋಡೋಣ" ಅಂದಾಗ ಅದು ಸಿಗುವುದಿಲ್ಲ. ಒಂದೇ ಸಲ ತೆರೆಯುವ ಹಾಗೆ ಕಳಿಸಿ ಅವರು ಆಗಲೇ ನೋಡಿ ಮುಚ್ಚಿರಬಹುದು, ತಾನೇ ಅಳಿಸಿಹೋಗುವ ಮೆಸೇಜಿನಲ್ಲಿ ಹೋಗಿರಬಹುದು, ಜಾಗ ಸಾಲದೆಂದು ಮನೆಯ ಮಕ್ಕಳು ಅಳಿಸಿರಬಹುದು. ಗ್ಯಾಲರಿಯ ಕಸದ ಬುಟ್ಟಿಯಲ್ಲಿ, ಅಂದರೆ Trash ಅಥವಾ Bin ಎಂದಿರುವಲ್ಲಿ, ಒಮ್ಮೆ ನೋಡಿ. ಅಳಿಸಿದ ಫೋಟೊ ಸಾಮಾನ್ಯವಾಗಿ ಕೆಲವು ದಿನ ಅಲ್ಲಿ ಉಳಿದಿರುತ್ತದೆ. ಅಲ್ಲೂ ಇಲ್ಲದಿದ್ದರೆ ಹುಡುಕಾಟ ಬಿಟ್ಟು ಕೊಟ್ಟಿಗೆಗೆ ನಡೆಯಿರಿ.

ಕೆಚ್ಚಲ ತೊಂದರೆಯಲ್ಲಿ ಡಾಕ್ಟರಿಗೆ ಬೇಕಾದ ಬಹುಪಾಲು ಸಂಗತಿ ಫೋಟೊದಲ್ಲಿ ಬರುವಂಥದ್ದೇ ಅಲ್ಲ. ಬಿಸಿ ಇದೆಯೇ, ಗಟ್ಟಿ ಇದೆಯೇ, ಮುಟ್ಟಿದರೆ ಒದೆಯುತ್ತದೆಯೇ, ಹಾಲು ಹೇಗಿದೆ, ಮೇವು ತಿನ್ನುತ್ತಿದೆಯೇ, ಇವೆಲ್ಲ ನಿಮ್ಮ ಕೈಗೆ ಮತ್ತು ಕಣ್ಣಿಗೆ ಮಾತ್ರ ಗೊತ್ತಾಗುತ್ತವೆ. ಎಚ್‌ಎಫ್ ಮಿಶ್ರತಳಿಯ ಕಪ್ಪು ಚರ್ಮದ ಕೆಚ್ಚಲಾದರೆ ಕೆಂಪಾಗಿರುವುದು ಕೂಡ ಫೋಟೊದಲ್ಲಿ ಕಾಣುವುದಿಲ್ಲ. ಇದನ್ನೆಲ್ಲ ಸರಿಯಾದ ಕ್ರಮದಲ್ಲಿ ನೋಡಿ ಹೇಳಿದರೆ ಎಷ್ಟು ಬೇಗ ಬರಬೇಕು, ಬರುವಾಗ ಏನು ತರಬೇಕು ಎಂದು ಡಾಕ್ಟರು ತೀರ್ಮಾನಿಸಬಲ್ಲರು.

ನಿನ್ನೆಯದು ಬೇರೆ, ಈಗಿನದು ಬೇರೆ

ಎಲ್ಲಕ್ಕಿಂತ ಮೊದಲು ಒಂದು ಚೀಟಿಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಫೋಟೊ ತೆಗೆದಾಗ ಏನು ಕಂಡಿತ್ತು, ಇನ್ನೊಂದು ಕಡೆ ಈಗ ಏನು ಕಾಣುತ್ತಿದೆ ಎಂದು ಬರೆದುಕೊಳ್ಳಿ. ಫೋಟೊ ಹೋದಾಗ ಹೆಚ್ಚಿನವರು ಎಡವುವುದು ಇಲ್ಲೇ. ನಿನ್ನೆ ಕಂಡ ಊತ, ಇವತ್ತಿನ ಹಾಲು, ಪಕ್ಕದ ಮನೆಯವರು ಹೇಳಿದ್ದು ಎಲ್ಲವೂ ಕಲಸಿ ಒಂದೇ ಮಾತಾಗಿಬಿಡುತ್ತದೆ. ಡಾಕ್ಟರಿಗೆ ಇವೆರಡರ ನಡುವಿನ ಅಂತರವೇ ಮುಖ್ಯ. ಸಂಜೆ ಆರಕ್ಕೆ ಸ್ವಲ್ಪ ಊದಿದ್ದದ್ದು ಬೆಳಿಗ್ಗೆ ಆರಕ್ಕೆ ಕಲ್ಲಿನ ಹಾಗಾಗಿದ್ದರೆ ಅದು ಓಡುತ್ತಿರುವ ರೋಗ. ನಾಲ್ಕು ದಿನದಿಂದ ಹಾಗೇ ಇದ್ದರೆ ಅದರ ದಾರಿ ಬೇರೆ.

ನಡುವೆ ಏನೇನು ಹಚ್ಚಿದಿರಿ, ಏನು ಕೊಟ್ಟಿರಿ ಎಂಬುದನ್ನೂ ಗೆರೆಯ ಪಕ್ಕದಲ್ಲೇ ಬರೆಯಿರಿ. ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುವ ಮದ್ದು ಈಗ ತುಂಬಾ ಊರುಗಳಲ್ಲಿ ರೂಢಿಯಲ್ಲಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯಾದ ಎನ್‌ಡಿಡಿಬಿ ಪ್ರಚಾರ ಮಾಡುವ ಪ್ರಮಾಣ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಸುಣ್ಣ ಬಿದ್ದೊಡನೆ ಅರಿಶಿನ ಕೆಂಪಾಗುತ್ತದೆ, ಆ ಕೆಂಪು ಚರ್ಮಕ್ಕೂ ಹತ್ತುತ್ತದೆ. ಇದನ್ನು ಹೇಳದೆ "ಕೆಚ್ಚಲು ಕೆಂಪಗಾಗಿದೆ ಸಾರ್" ಅಂದರೆ ಕೇಳುವವರು ಬೇರೆಯೇ ತಿಳಿದುಕೊಳ್ಳುತ್ತಾರೆ. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಣ್ಣ ನೋಡಿ. ತೊಟ್ಟಿನೊಳಗೆ ಟ್ಯೂಬ್ ಏರಿಸಿದ್ದರೆ ಅಥವಾ ಇಂಜೆಕ್ಷನ್ ಹಾಕಿಸಿದ್ದರೆ ಮುಚ್ಚಿಡಬೇಡಿ. ಖಾಲಿ ಟ್ಯೂಬನ್ನೋ ಸೀಸೆಯನ್ನೋ ಕೈಯಲ್ಲಿ ಹಿಡಿದು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿ. "ಬಿಳೀ ಟ್ಯೂಬು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಯಾವ ಭಾಗ ಎಂದು ತಪ್ಪಿಲ್ಲದೆ ಹೇಳುವುದು

ಕೆಚ್ಚಲಿಗೆ ನಾಲ್ಕು ಭಾಗ, ಒಂದೊಂದಕ್ಕೂ ತನ್ನದೇ ತೊಟ್ಟು. ಒಂದು ಭಾಗದ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಅದಕ್ಕೇ ಕೆಚ್ಚಲು ಬಾವು ಒಂದೇ ಭಾಗದಲ್ಲಿ ಬಂದು ಉಳಿದ ಮೂರು ಚೆನ್ನಾಗಿರಬಹುದು.

ಎಡ ಬಲ ಎಂದಾಗ ಅದು ಹಸುವಿನ ಎಡ ಬಲ. ಬಾಲದ ಹಿಂದೆ ಸ್ವಲ್ಪ ದೂರ ನಿಂತು ಹಸುವಿನ ತಲೆಯ ಕಡೆಗೆ ನೋಡಿದರೆ ನಿಮ್ಮ ಬಲಗೈ ಇರುವ ಕಡೆಯೇ ಅದರ ಬಲ. ಹಾಲು ಕರೆಯಲು ಮಗ್ಗುಲಲ್ಲಿ ಕೂತಾಗ ಈ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಆಗ ನಿಮಗೆ "ಹತ್ತಿರದ್ದು", "ಆಚೆಯದು" ಎಂದು ಕಾಣುತ್ತದೆಯೇ ಹೊರತು ಎಡ ಬಲ ಎಂದಲ್ಲ. ಎದ್ದು ಹಿಂದೆ ಹೋಗಿ ನಿಂತು ನೋಡಿ, "ಬಲಗಡೆ ಹಿಂದಿನದು" ಎಂದು ಬರೆದುಕೊಳ್ಳಿ. ಗೊಂದಲವೆನಿಸಿದರೆ "ನಾನು ಬಲ ಮಗ್ಗುಲಲ್ಲಿ ಕೂತು ಕರೆಯುತ್ತೇನೆ, ನನಗೆ ಹತ್ತಿರದ ಹಿಂದಿನ ತೊಟ್ಟು" ಎಂದು ಹೇಳಿ. ಅದರಲ್ಲಿ ತಪ್ಪು ನುಸುಳುವುದಿಲ್ಲ.

ಕೈಯಿಂದ ನೋಡುವುದು

ಮೊದಲು ಆರೋಗ್ಯವಾಗಿರುವ ಭಾಗವನ್ನು ಮುಟ್ಟಿ, ಆಮೇಲೆ ಊದಿದ್ದನ್ನು. ಅಂಗೈಗಿಂತ ಕೈಯ ಹಿಂಭಾಗಕ್ಕೆ ಬಿಸಿಯ ವ್ಯತ್ಯಾಸ ಬೇಗ ತಿಳಿಯುತ್ತದೆ. ಬಾವು ಹೊಸದಾಗಿದ್ದರೆ ಆ ಭಾಗ ಉಳಿದವಕ್ಕಿಂತ ಬಿಸಿಯಾಗಿರುತ್ತದೆ. ಅದಕ್ಕೆ ತಿರುವುಮುರುವಾಗಿ ಆ ಭಾಗ ತಣ್ಣಗಿದ್ದು, ತೊಟ್ಟು ನೀಲಿ ಅಥವಾ ಕಪ್ಪಿಗೆ ತಿರುಗಿದ್ದರೆ ಅಲ್ಲಿಗೆ ರಕ್ತ ಓಡುವುದು ನಿಂತು ಮಾಂಸ ಸಾಯುತ್ತಿದೆ ಎಂದರ್ಥ. ಫೋನಿನಲ್ಲಿ ಮೊದಲ ಮಾತಾಗಿ ಬರಬೇಕಾದದ್ದು ಅದು.

ಎಷ್ಟು ಗಟ್ಟಿ ಎಂದು ಹೇಳಲು ನಿಮ್ಮ ಮುಖವೇ ಅಳತೆಗೋಲು. ಒತ್ತಿದರೆ ತುಟಿಯ ಹಾಗೆ ಮೆತ್ತಗಿದೆಯೇ, ಮೂಗಿನ ತುದಿಯ ಹಾಗೆ ಬಿಗಿಯಾಗಿದೆಯೇ, ಹಣೆಯ ಹಾಗೆ ಗಟ್ಟಿಯೇ? ಹಾಲು ಕರೆದ ಮೇಲೆ ಒತ್ತಿ ನೋಡಬೇಕು. ಕರೆಯುವ ಮುಂಚೆ ತುಂಬಿದ ಕೆಚ್ಚಲು ಆರೋಗ್ಯವಾಗಿದ್ದರೂ ಬಿಗಿಯಾಗಿಯೇ ಇರುತ್ತದೆ.

ಕರು ಹಾಕಿ ಕೆಲವೇ ದಿನವಾದ ಹಸುವಾದರೆ ಇನ್ನೊಂದು ಪರೀಕ್ಷೆ ಮಾಡಿ. ಊದಿದ ಜಾಗದಲ್ಲಿ ಬೆರಳನ್ನು ಅದುಮಿ, ಹತ್ತು ಎಣಿಸಿ, ತೆಗೆಯಿರಿ. ಗುಳಿ ಬಿದ್ದು ಹಾಗೇ ನಿಂತರೆ ಚರ್ಮದ ಕೆಳಗೆ ನೀರು ತುಂಬಿಕೊಂಡಿದೆ. ಈ ನೀರೂತ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಕೆಲವೊಮ್ಮೆ ಹೊಕ್ಕುಳಿನವರೆಗೂ ಹಬ್ಬುತ್ತದೆ, ಆದರೆ ಹಾಲು ಕೆಟ್ಟಿರುವುದಿಲ್ಲ, ಹಸು ಮೇವನ್ನೂ ಬಿಟ್ಟಿರುವುದಿಲ್ಲ. ಫೋಟೊದಲ್ಲಿ ನೋಡಿದವರಿಗೆ ಇದು ಬಾವಿನಷ್ಟೇ ಭಯಂಕರವಾಗಿ ಕಾಣುತ್ತದೆ. ಇವೆರಡನ್ನೂ ಬೇರೆಮಾಡುವುದು ನಿಮ್ಮ ಒಂದು ಬೆರಳು. ಇದನ್ನು ಹೇಳಿದರೆ ಬೇಡದ ಆಂಟಿಬಯಾಟಿಕ್ ತಪ್ಪುತ್ತದೆ.

ತೊಟ್ಟಿನ ಚರ್ಮವನ್ನೂ ನೋಡಿ: ಸೀಳು, ತುಳಿದ ಗಾಯ, ನರುಳ್ಳೆ, ನೀರುಗುಳ್ಳೆ. ನೀರುಗುಳ್ಳೆ ಇದ್ದರೆ ಬಾಯಿ ತೆರೆದು ನಾಲಿಗೆ ಮತ್ತು ವಸಡು, ಆಮೇಲೆ ಗೊರಸಿನ ಸೀಳು ನೋಡದೆ ಫೋನ್ ಮಾಡಬೇಡಿ. ಮೂರೂ ಕಡೆ ಗುಳ್ಳೆ ಇದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಆಗ ಮಾತು ಒಂದು ಕೆಚ್ಚಲಿನದಲ್ಲ, ಇಡೀ ಊರಿನ ದನಗಳದ್ದು.

ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡುವುದು

ಕಪ್ಪು ಅಥವಾ ಗಾಢ ಬಣ್ಣದ ಒಂದು ತಟ್ಟೆಯೋ ಬಟ್ಟಲೋ ತೆಗೆದುಕೊಂಡು, ಕೈ ತೊಳೆದು, ಚೆನ್ನಾಗಿರುವ ತೊಟ್ಟುಗಳಿಂದ ಮೊದಲು, ಕೊನೆಗೆ ತೊಂದರೆಯಿರುವ ತೊಟ್ಟಿನಿಂದ, ಒಂದೊಂದರಿಂದ ಮೂರು ನಾಲ್ಕು ಧಾರೆ ಹಿಂಡಿ. ಬಟ್ಟಲನ್ನು ಬೆಳಕಿಗೆ ಓರೆಮಾಡಿ ನೋಡಿ. ಬಿಳಿ ತಟ್ಟೆಯಲ್ಲಿ ಸಣ್ಣ ಗರಣೆ ಕಾಣುವುದಿಲ್ಲ. ನೆಲಕ್ಕೆ ಹಿಂಡಬೇಡಿ, ಕೈಗೂ ಹಿಂಡಿಕೊಳ್ಳಬೇಡಿ. ಅದರಿಂದಲೇ ಸೋಂಕು ಇನ್ನೊಂದು ಹಸುವಿಗೆ ದಾಟುತ್ತದೆ.

ಡಾಕ್ಟರಿಗೆ ಹೇಳುವಾಗ "ಹಾಲು ಕೆಟ್ಟಿದೆ" ಎಂಬಲ್ಲಿಗೆ ನಿಲ್ಲಿಸಬೇಡಿ. ಹಾಲಿನಲ್ಲಿ ಬಿಳಿ ಚೂರುಗಳಿವೆಯೇ, ಉದ್ದ ಎಳೆಗಳಿವೆಯೇ, ಒಡೆದ ಹಾಲಿನ ಹಾಗೆ ನೀರು ಬೇರೆ ಗಡ್ಡೆ ಬೇರೆ ಆಗಿದೆಯೇ, ಹಳದಿ ಕೀವೇ, ಕೆಂಪು ಬೆರೆತಿದೆಯೇ, ನಾರುತ್ತಿದೆಯೇ? ಮೊದಲ ಎರಡು ಧಾರೆಯಲ್ಲಿ ಮಾತ್ರ ಗರಣೆ ಬಂದು ಆಮೇಲೆ ತಿಳಿಯಾದ ಹಾಲು ಬರುತ್ತಿದೆಯೇ ಅಥವಾ ಕೊನೆಯವರೆಗೂ ಹಾಗೇ ಇದೆಯೇ ಎಂಬುದೂ ಬೇಕು. ಹಾಲು ಹಾಲಿನಂತಿರದೆ ಬರೀ ತೆಳ್ಳಗಿನ ಹಳದಿ ನೀರು ಬರುತ್ತಿದ್ದು, ಹಸುವೂ ಮಂಕಾಗಿದ್ದರೆ ಅದು ಗಂಟೆಗಳ ಲೆಕ್ಕದಲ್ಲಿ ಕೆಡುವ ಜಾತಿಯ ಬಾವು.

ಅಳತೆಯನ್ನು ಲೀಟರಿನಲ್ಲೇ ಹೇಳಿ. ಮೊನ್ನೆ ಬೆಳಗಿನ ಹಾಲೆಷ್ಟು, ಇವತ್ತು ಬೆಳಗಿನದೆಷ್ಟು? ಡೈರಿ ಪುಸ್ತಕ ತೆರೆದರೆ ಮೊನ್ನೆಯ ಲೆಕ್ಕ ಅದರಲ್ಲೇ ಇರುತ್ತದೆ. ಫೋಟೊಕ್ಕಿಂತ ಗಟ್ಟಿಯಾದ ಸಾಕ್ಷಿ ಅದು.

ಕೆಚ್ಚಲು ಬಿಟ್ಟು ಇಡೀ ಹಸುವನ್ನು ನೋಡಿ

ಡಾಕ್ಟರು ಫೋನಿನಲ್ಲೇ "ಈಗಲೇ ಹೊರಟೆ" ಎನ್ನುವುದೋ "ಮಧ್ಯಾಹ್ನ ಬರ್ತೀನಿ" ಎನ್ನುವುದೋ ಹೆಚ್ಚಾಗಿ ಈ ಭಾಗದ ಮೇಲೆ ನಿಂತಿದೆ. ಜ್ವರ ಅಳೆಯಲು ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನು ದನಗಳಿಗೇ ಮೀಸಲಿಡಿ. ತುದಿಗೆ ಎಣ್ಣೆ ಸವರಿ, ಬಾಲ ಎತ್ತಿ ಗುದದೊಳಗೆ ಇಟ್ಟು, ತುದಿ ಒಳಗಿನ ಗೋಡೆಗೆ ತಾಗುವಂತೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಸಗಣಿಯ ನಡುವೆ ಚುಚ್ಚಿಕೊಂಡರೆ ಸರಿಯಾದ ಅಂಕಿ ಬರುವುದಿಲ್ಲ. ದೊಡ್ಡ ಹಸುವಿಗೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಬಿಸಿಲಿನಲ್ಲಿ ಕಟ್ಟಿದ್ದ ಹಸುವಾದರೆ ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಅಂಕಿಯ ಜೊತೆ ಎಷ್ಟು ಗಂಟೆಗೆ ಅಳೆದಿರಿ ಎಂದೂ ಹೇಳಿ.

ಕಿವಿಯ ಬುಡ ಮತ್ತು ತುದಿ ಮುಟ್ಟಿ. ಮೇವು ಪೂರ್ತಿ ತಿಂದಿದೆಯೇ, ಅರ್ಧ ಬಿಟ್ಟಿದೆಯೇ, ಮೂಸಿ ಬಿಟ್ಟಿದೆಯೇ, ಮೆಲುಕು ಹಾಕುತ್ತಿದೆಯೇ ನೋಡಿ. ಎಬ್ಬಿಸಿದರೆ ಏಳುತ್ತದೆಯೇ? ಕಿವಿ ತಣ್ಣಗಾಗಿ, ಜ್ವರದ ಅಂಕಿ ಸಹಜಕ್ಕಿಂತ ಕೆಳಗಿಳಿದು, ಹಸು ಏಳದೆ ಮಲಗಿದ್ದರೆ "ಜ್ವರ ಇಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಬಾವಿನ ವಿಷ ಮೈಗೆ ಏರಿದಾಗಲೂ ಹೀಗಾಗುತ್ತದೆ, ಕರು ಹಾಕಿದ ಹೊಸದರಲ್ಲಿ ಸುಣ್ಣದಂಶ ಕುಸಿದು ಹಾಲು ಜ್ವರ ಬಂದಾಗಲೂ ಹೀಗಾಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ, ಎರಡೂ ತುರ್ತು. ನಿಮ್ಮ ಡಾಕ್ಟರು ಫೋನ್ ಎತ್ತದಿದ್ದರೆ 1962ಕ್ಕೆ ಕರೆ ಮಾಡಿ, ಅದು ಪಶು ಚಿಕಿತ್ಸಾ ವಾಹನಕ್ಕಾಗಿ ಇರುವ ಉಚಿತ ಸಹಾಯವಾಣಿ. ಕಿವಿಯ ಹಳದಿ ಓಲೆಯ ಮೇಲಿನ 12 ಅಂಕಿಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಒಳ್ಳೆಯದು.

ಫೋನಿನಲ್ಲಿ ಹೇಳುವ ಕ್ರಮ

ರೋಗದ ಹೆಸರಿನಿಂದ ಶುರುಮಾಡಬೇಡಿ. "ಕೆಚ್ಚಲು ಬಾವು ಆಗಿದೆ, ಔಷಧಿ ಹೇಳಿ" ಅಂದರೆ ಡಾಕ್ಟರು ಮತ್ತೆ ಹಿಂದಕ್ಕೆ ಹೋಗಿ ಎಲ್ಲವನ್ನೂ ಕೇಳಬೇಕಾಗುತ್ತದೆ, ಅಷ್ಟರಲ್ಲಿ ಅವರಿಗೆ ಇನ್ನೊಂದು ಕರೆ ಬಂದಿರುತ್ತದೆ. ಮೊದಲು ಹಸು ಯಾವುದು, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನವಾಯಿತು ಎಂದು ಹೇಳಿ. ಆಮೇಲೆ ಹಸುವಿನ ಸ್ಥಿತಿ, ಆಮೇಲೆ ಯಾವ ಭಾಗ ಹೇಗಿದೆ, ಆಮೇಲೆ ಹಾಲು, ಕೊನೆಗೆ ನೀವು ಏನು ಮಾಡಿದ್ದೀರಿ ಎಂಬುದು.

ಚನ್ನರಾಯಪಟ್ಟಣದ ಕಡೆಯ ಒಂದು ಮನೆಯ ಕೊಟ್ಟಿಗೆ ಎಂದಿಟ್ಟುಕೊಳ್ಳೋಣ. ಮನೆಯಾಕೆ ಬೆಳಿಗ್ಗೆ ಹಾಲು ಕರೆದು, ಮೇಲಿನದನ್ನೆಲ್ಲ ನೋಡಿಕೊಂಡು ಫೋನ್ ಮಾಡುತ್ತಾರೆ.

"ನಮಸ್ಕಾರ ಸಾರ್. ನಿನ್ನೆ ಸಾಯಂಕಾಲ ತೆಗೆದ ಫೋಟೊ ಅಳಿಸಿಹೋಗಿದೆ, ಬಾಯಲ್ಲೇ ಹೇಳ್ತೀನಿ. ಎಚ್‌ಎಫ್ ಮಿಶ್ರತಳಿ, ಮೂರನೇ ಸೂಲು, ಕರು ಹಾಕಿ ಹದಿನೆಂಟು ದಿನ ಆಯ್ತು."

"ಹಸು ನಿಂತಿದೆಯೇನಮ್ಮ?"

"ನಿಂತಿದೆ ಸಾರ್. ಆರೂವರೆಗೆ ಜ್ವರ ನೋಡಿದೆ, 103.8 ಇತ್ತು. ಹಿಂಡಿ ಬೂಸಾ ಅರ್ಧ ಬಿಟ್ಟಿದೆ, ಹಸಿ ಹುಲ್ಲು ತಿಂತಿದೆ. ಕಿವಿ ಬೆಚ್ಚಗಿದೆ."

"ಯಾವ ಭಾಗ?"

"ಬಲಗಡೆ ಹಿಂದಿನದು. ಬಾಲದ ಹಿಂದೆ ನಿಂತು ನೋಡಿದ್ದು. ನಿನ್ನೆ ಸಾಯಂಕಾಲ ಸ್ವಲ್ಪ ದಪ್ಪ ಇತ್ತು, ಮೆತ್ತಗಿತ್ತು. ಈಗ ಕರೆದ ಮೇಲೂ ಮೂಗಿನ ತುದಿ ಹಾಗೆ ಬಿಗಿ, ಮಿಕ್ಕ ಮೂರಕ್ಕಿಂತ ಬಿಸಿ, ಮುಟ್ಟಿದರೆ ಕಾಲು ಎತ್ತುತ್ತೆ. ಬೆರಳು ಒತ್ತಿದರೆ ಗುಳಿ ಬೀಳಲ್ಲ. ತೊಟ್ಟಿನ ಮೇಲೆ ಗಾಯ ಇಲ್ಲ, ಕಪ್ಪಾಗಿಲ್ಲ."

"ಹಾಲು?"

"ಆ ತೊಟ್ಟಲ್ಲಿ ಕೊನೆವರೆಗೂ ಬಿಳಿ ಚೂರು, ನೀರು ನೀರಾಗಿದೆ. ರಕ್ತ ಇಲ್ಲ, ವಾಸನೆ ಇಲ್ಲ. ಮಿಕ್ಕ ಮೂರರಲ್ಲಿ ಚೆನ್ನಾಗಿದೆ. ಮೊನ್ನೆ ಬೆಳಿಗ್ಗೆ ಎಂಟು ಲೀಟರ್, ಇವತ್ತು ಐದು. ರಾತ್ರಿ ಲೋಳೆಸರ ಅರಿಶಿನ ಸುಣ್ಣ ಹಚ್ಚಿದ್ದೆ, ಟ್ಯೂಬ್ ಏರಿಸಿಲ್ಲ, ಇಂಜೆಕ್ಷನ್ ಹಾಕಿಸಿಲ್ಲ."

ಎರಡು ನಿಮಿಷದ ಮಾತು ಇದು. ಇಷ್ಟರಲ್ಲಿ ಡಾಕ್ಟರಿಗೆ ಹಲವು ಸಂಗತಿ ಖಚಿತವಾಗಿವೆ. ಗುಳಿ ಬೀಳುವುದಿಲ್ಲ, ಒಂದೇ ಭಾಗ, ಹಾಲು ಕೆಟ್ಟಿದೆ, ಆದ್ದರಿಂದ ಬರೀ ನೀರೂತವಲ್ಲ. ಹಸು ನಿಂತಿದೆ, ತಿನ್ನುತ್ತಿದೆ, ಕಿವಿ ಬೆಚ್ಚಗಿದೆ, ತೊಟ್ಟು ಕಪ್ಪಾಗಿಲ್ಲ, ಆದ್ದರಿಂದ ವಿಷವೇರುವ ಹಂತ ಸದ್ಯಕ್ಕೆ ಕಾಣುತ್ತಿಲ್ಲ. ಒಂದೇ ರಾತ್ರಿಯಲ್ಲಿ ಬಿಗಿಯಾಗಿ ಜ್ವರ ಬಂದಿರುವುದರಿಂದ ನಾಳೆಗೆ ಬಿಡುವಂತಿಲ್ಲ. ಆಂಟಿಬಯಾಟಿಕ್ ಇನ್ನೂ ಬಿದ್ದಿಲ್ಲವಾದ್ದರಿಂದ ಹಾಲಿನ ಮಾದರಿ ಪರೀಕ್ಷೆಗೆ ಕಳಿಸಿದರೆ ನಂಬಬಹುದಾದ ಫಲಿತಾಂಶ ಸಿಗುತ್ತದೆ.

ಹೀಗಾಗಿ ಅವರು ಆ ತೊಟ್ಟಿನ ಹಾಲನ್ನು ಬೇರೆ ಪಾತ್ರೆಗೆ ಪೂರ್ತಿ ಹಿಂಡಿ ತೆಗೆಯುತ್ತಿರಲು ಹೇಳಿ, ತಾವು ಬರುವವರೆಗೆ ಟ್ಯೂಬ್ ಏರಿಸಬೇಡಿ ಎನ್ನುತ್ತಾರೆ. ಮಾದರಿ ಬೇಕೆಂದರೆ ತೊಟ್ಟು ತೊಳೆದು ಒಣಗಿಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಕೆಲವು ಧಾರೆ ಬಿಟ್ಟು, ಡಾಕ್ಟರು ಕೊಟ್ಟ ಅಥವಾ ಕುದಿಸಿ ಆರಿಸಿದ ಸಣ್ಣ ಸೀಸೆಗೆ ಹಿಡಿಯಬೇಕು. ಸೀಸೆಯ ಬಾಯಿಗೆ ತೊಟ್ಟು ತಾಗಬಾರದು. ಅದರ ಮೇಲೆ "ಬಲ ಹಿಂದಿನದು" ಎಂದು ಬರೆದು ಫ್ರಿಜ್ಜಿನಲ್ಲಿಡಿ.

ಫೋನಿನ ಮಾತಿಗೂ ಒಂದು ಮಿತಿ ಇದೆ. ಯಾವ ಔಷಧಿ ಎಂಬುದು ನೋಡಿ ತೀರ್ಮಾನಿಸಬೇಕಾದ ವಿಷಯ. ಪಕ್ಕದ ಮನೆಯಲ್ಲಿ ಉಳಿದಿದ್ದ ಟ್ಯೂಬ್ ಏರಿಸಿದರೆ ಗುಣ ಆಗದಿರಬಹುದು, ಮಾದರಿ ಕೆಡುತ್ತದೆ, ಡೈರಿಗೆ ಹಾಕುವ ಹಾಲಿನಲ್ಲಿ ಔಷಧಿಯ ಅಂಶ ಸೇರುತ್ತದೆ. ಆಂಟಿಬಯಾಟಿಕ್ ಕೊಟ್ಟ ಮೇಲೆ ಉಳಿದ ಮೂರು ತೊಟ್ಟಿನ ಹಾಲನ್ನೂ ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕುವಂತಿಲ್ಲ.

ತೊಂದರೆ ಗೊರಸಿನದಾದರೆ

ಕ್ರಮ ಅದೇ, ನೋಡುವ ಜಾಗ ಬೇರೆ. ಮೊದಲು ಹಸುವನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಹೆಜ್ಜೆ ನಡೆಸಿ, ಯಾವ ಕಾಲನ್ನು ಊರಲು ಹಿಂಜರಿಯುತ್ತದೆ, ನಿಂತಾಗ ಬೆನ್ನು ಬಾಗಿದೆಯೇ, ನಡೆಯುವಾಗ ಮಾತ್ರ ಬಾಗುತ್ತದೆಯೇ ಎಂದು ಗಮನಿಸಿ. ನಿಂತಾಗಲೂ ಬಾಗಿದ್ದರೆ ನೋವು ಹೆಚ್ಚು. ಆಮೇಲೆ ಗೊರಸು ತೊಳೆಯಿರಿ, ಸಗಣಿ ಮೆತ್ತಿದ ಗೊರಸಿನಲ್ಲಿ ಯಾರಿಗೂ ಏನೂ ಕಾಣದು. ಮೈಲುತುತ್ತದ ನೀರು ಹಾಕಿದ್ದರೆ ನೀಲಿ ಹಸಿರು ಬಣ್ಣ ಅದರದ್ದು ಎಂದು ಹೇಳಿ.

ಗೊರಸಿಗೆ ಎರಡು ಹೋಳು, ಒಂದು ಒಳಗಿನದು, ಒಂದು ಹೊರಗಿನದು. ತೊಂದರೆ ಎರಡರ ನಡುವಿನ ಸೀಳಿನಲ್ಲಿದೆಯೇ, ಹಿಮ್ಮಡಿಯಲ್ಲೇ, ಅಂಗಾಲಿನಲ್ಲೇ, ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಲ್ಲೇ? ಸೀಳಿನಲ್ಲಿ ಹುಣ್ಣಾಗಿ ಕೆಟ್ಟ ವಾಸನೆ ಬರುತ್ತಿದ್ದು, ಊತ ಎರಡೂ ಹೋಳಿನ ಮೇಲೆ ಸಮನಾಗಿ ಹರಡಿದ್ದರೆ ಡಾಕ್ಟರು ಗೊರಸು ಕೊಳೆಯುವ ರೋಗದ ಕಡೆ ಯೋಚಿಸುತ್ತಾರೆ. ಊತ ಒಂದೇ ಹೋಳಿನ ಮೇಲಿದ್ದರೆ ಅಂಗಾಲಿನ ಹುಣ್ಣು, ಒಳಗೆ ಕಟ್ಟಿದ ಕೀವು ಅಥವಾ ಮೊಳೆ ಹೊಕ್ಕಿರುವ ಸಾಧ್ಯತೆ ಹೆಚ್ಚು, ಆಗ ಅವರು ಗೊರಸು ಕೆತ್ತುವ ಚಾಕು ತರಬೇಕಾಗುತ್ತದೆ. ಕಾಲು ಎತ್ತಿ ನೋಡಲು ಒಬ್ಬರೇ ಹೋಗಬೇಡಿ. ಹುಳ ಬಿದ್ದಿದ್ದರೆ ಅದನ್ನು ಮುಂಚೆಯೇ ಹೇಳಿ. ಒಂದಕ್ಕಿಂತ ಹೆಚ್ಚು ದನ ಕುಂಟುತ್ತಿದ್ದರೆ ಎಲ್ಲವುಗಳ ಬಾಯಿ ನೋಡಿ.

ಹೊಸ ಫೋಟೊ ಕಳಿಸುವುದಾದರೆ

ಮಾತು ಮುಗಿದ ಮೇಲೆ ಡಾಕ್ಟರು ಕೇಳಿದರೆ ಮತ್ತೆ ತೆಗೆಯಿರಿ. ತೊಳೆದು ಒರೆಸಿದ ಮೇಲೆ, ಫ್ಲ್ಯಾಶ್ ಹಾಕದೆ, ಹಗಲ ಬೆಳಕಿನಲ್ಲಿ ಮೂರು ಸಾಕು: ಬಾಲದ ಹಿಂದಿನಿಂದ ಇಡೀ ಕೆಚ್ಚಲು, ಊದಿದ ಭಾಗದ ಪಕ್ಕ ನಿಮ್ಮ ಅಂಗೈ ಇಟ್ಟು ಹತ್ತಿರದಿಂದ ಒಂದು, ಕಪ್ಪು ಬಟ್ಟಲಿನ ಹಾಲು ಒಂದು. ಗೊರಸಾದರೆ ನಡೆಯುವ ಹತ್ತು ಸೆಕೆಂಡಿನ ವಿಡಿಯೊ ಫೋಟೊಕ್ಕಿಂತ ಹೆಚ್ಚು ಹೇಳುತ್ತದೆ. ಪ್ರತಿಯೊಂದರ ಕೆಳಗೆ ಯಾವ ಭಾಗ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಬರೆಯಿರಿ. ಒಂದೇ ಸಲ ತೆರೆಯುವ ಆಯ್ಕೆ ಬೇಡ, ಸಂಭಾಷಣೆಯಲ್ಲಿ ತಾನೇ ಅಳಿಸುವ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡಿ, ಮನೆಯ ಇನ್ನೊಂದು ಫೋನಿಗೂ ಒಂದು ಪ್ರತಿ ಕಳಿಸಿಡಿ. ಚೀಟಿಯನ್ನು ಎಸೆಯಬೇಡಿ. ಡಾಕ್ಟರು ಕೊಟ್ಟಿಗೆಗೆ ಬಂದಾಗ ಅದನ್ನೇ ಕೈಗೆ ಕೊಟ್ಟು, ಫೋನ್ ಮಾಡಿದ ಮೇಲೆ ಏನಾದರೂ ಬದಲಾಗಿದ್ದರೆ ಅದನ್ನು ಮೊದಲು ಹೇಳಿ.